ಒಪ್ಪದ ಸ್ಪಾನ್ಸರ್‌ಶಿಪ್‌ಗೆ ‘ಸ್ಲಾಟ್ ಖಾಲಿ ಇಲ್ಲ’ ಅನ್ನಬಹುದಾ?

ಪ್ರಶ್ನೆ: ನನ್ನ ಚಾನೆಲ್‌ಗೆ ಹೊಂದದ ಸ್ಪಾನ್ಸರ್‌ಶಿಪ್ ಆಫರ್ ಬಂದಿದೆ. ಅವರಿಗೆ ಬೇಜಾರಾಗದ ಹಾಗೆ ‘ಸದ್ಯಕ್ಕೆ ಸ್ಲಾಟ್ ಖಾಲಿ ಇಲ್ಲ’ ಅಂತ ಮೇಲ್ ಹಾಕಿದ್ರೆ ಸಾಕಾ?

ದಯವಿಟ್ಟು ಹಾಗೆ ಬರೆಯಬೇಡಿ. ನಾನು ಬರೆದದ್ದು ಹೆಚ್ಚುಕಡಿಮೆ ಅದನ್ನೇ.

ನನ್ನದು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವ ಚಾನೆಲ್. ಒಂದು ಏಜೆನ್ಸಿಯಿಂದ ಮೇಲ್ ಬಂತು. ಮೊಬೈಲಿನಲ್ಲೇ ತಕ್ಷಣ ಸಾಲ ಕೊಡುವ ಆ್ಯಪ್ ಬಗ್ಗೆ ವಿಡಿಯೋದ ಶುರುವಿನಲ್ಲೇ ಒಂದು ನಿಮಿಷ ಮಾತಾಡಬೇಕು, ಕಾಮೆಂಟಿನಲ್ಲಿ ಲಿಂಕ್ ಪಿನ್ ಮಾಡಬೇಕು. ತ್ರಿಕೋನ ಕಲಿಯೋಕೆ ಬಂದ ಮಗುವಿಗೆ ಸಾಲದ ಆ್ಯಪ್ ತೋರಿಸೋದು ನನ್ನಿಂದ ಆಗದ ಕೆಲಸ. ಆದರೆ ಮೇಲ್ ಬರೆದವರು ತುಂಬಾ ಮರ್ಯಾದೆಯಿಂದ ಬರೆದಿದ್ದರು. ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕೆ ಮನಸ್ಸಾಗಲಿಲ್ಲ. ‘ಈ ತಿಂಗಳ ವಿಡಿಯೋಗಳೆಲ್ಲ ಬುಕ್ ಆಗಿವೆ, ಮುಂದೆ ನೋಡೋಣ’ ಅಂದುಬಿಟ್ಟೆ.

ನನಗೆ ಅದು ನಿರಾಕರಣೆ. ಅವರಿಗೆ ಅದು ಒಪ್ಪಿಗೆ, ದಿನಾಂಕ ಮಾತ್ರ ಬಾಕಿ. ಮೇಲ್ ಬರೆಯುವವರು ಸಾಮಾನ್ಯವಾಗಿ ಆ ಕಂಪನಿಯವರಲ್ಲ, ನಡುವೆ ಇರುವ ಏಜೆನ್ಸಿಯವರು. ಅವರ ಹತ್ತಿರ ಚಾನೆಲ್‌ಗಳ ಒಂದು ಶೀಟ್ ಇರುತ್ತದೆ. ಆಗುತ್ತೆ, ಆಗಲ್ಲ, ಮಾತುಕತೆಯಲ್ಲಿದೆ ಅಂತ ಅದರಲ್ಲಿ ಗುರುತು ಹಾಕಿ ಕಂಪನಿಗೆ ಕಳಿಸುತ್ತಾರೆ. ‘ಆಗಲ್ಲ’ ಅಂದರೆ ಇನ್ನೊಂದು ಚಾನೆಲ್ ಹುಡುಕಿಕೊಂಡು ಮುಂದೆ ಹೋಗುತ್ತಾರೆ, ಅದರಲ್ಲಿ ಬೇಜಾರೇನೂ ಇಲ್ಲ. ‘ಮುಂದೆ ನೋಡೋಣ’ ಅಂದರೆ ನಮ್ಮ ಹೆಸರು ಮಾತುಕತೆಯ ಸಾಲಿಗೆ ಹೋಗುತ್ತದೆ. ನನಗೆ ಆಗಿದ್ದೂ ಅದೇ. ಮುಂದಿನ ತಿಂಗಳು ಮತ್ತೆ ಮೇಲ್ ಬಂತು. ಹಣ ಜಾಸ್ತಿ ಮಾಡಿದ್ದರು, ಏನೇನು ಹೇಳಬೇಕು ಅನ್ನೋ ಟಿಪ್ಪಣಿಯನ್ನೂ ಸೇರಿಸಿದ್ದರು. ಆಗ ನಿಜವಾದ ಕಾರಣ ಹೇಳಿದೆ. ‘ಮೊದಲೇ ಹೇಳಬಹುದಿತ್ತಲ್ವಾ ಸರ್, ಕ್ಲೈಂಟ್‌ಗೆ ನಿಮ್ಮ ಹೆಸರು ಕೊಟ್ಟಾಗಿದೆ’ ಅಂತ ಉತ್ತರ ಬಂತು. ಅವರು ಹೇಳಿದ್ದು ಸರಿ. ಅದೇ ಏಜೆನ್ಸಿ ಜ್ಯಾಮಿಟ್ರಿ ಬಾಕ್ಸ್, ನೋಟ್‌ಬುಕ್ ಮಾಡುವ ಕಂಪನಿಯ ಪ್ರಚಾರವನ್ನೂ ನೋಡಿಕೊಳ್ಳುತ್ತಿತ್ತು. ನನಗೆ ಹೇಳಿ ಮಾಡಿಸಿದ ಹಾಗಿದ್ದ ಆ ಕೆಲಸ ಬೇರೆ ಚಾನೆಲ್‌ಗಳಿಗೆ ಹೋಯಿತು. ನನಗೆ ಆಮೇಲೆ ಅವರಿಂದ ಮೇಲ್ ಬರಲೇ ಇಲ್ಲ.

ಹಾಗಾಗಿ ಬೇಜಾರಾಗುತ್ತೆ ಅನ್ನೋ ಚಿಂತೆ ಬಿಡಿ. ಅವರಿಗೆ ಬೇಕಿರೋದು ಕ್ಲೈಂಟ್‌ಗೆ ಹಾಗೇ ಫಾರ್ವರ್ಡ್ ಮಾಡಬಹುದಾದ ಒಂದು ಕಾರಣ. ನಾನು ಈಗ ಅದೇ ಥ್ರೆಡ್‌ನಲ್ಲಿ, ಬೇಗನೆ, ಇಷ್ಟು ಬರೆಯುತ್ತೇನೆ:

> ನಮಸ್ಕಾರ,
>
> ನಮ್ಮ ಚಾನೆಲನ್ನು ನೆನಪಿಸಿಕೊಂಡು ಬರೆದಿದ್ದಕ್ಕೆ ಧನ್ಯವಾದ. ಆಫರ್ ಪೂರ್ತಿ ಓದಿದೆ. ಇದನ್ನು ನಾನು ಒಪ್ಪಿಕೊಳ್ಳುತ್ತಿಲ್ಲ.
>
> ನಮ್ಮ ಪಾಠಗಳು ಹೈಸ್ಕೂಲ್ ಮಕ್ಕಳಿಗಾಗಿ ಇರುವಂಥವು. ಅದಕ್ಕೇ ಸಾಲ ಮತ್ತು ಹಣದ ಆ್ಯಪ್‌ಗಳ ಪ್ರಚಾರವನ್ನು ಚಾನೆಲ್‌ನಲ್ಲಿ ಮಾಡುವುದಿಲ್ಲ.
>
> ಪುಸ್ತಕ, ಬರೆಯುವ ಸಾಮಾನು, ಕಲಿಕೆಗೆ ಸಂಬಂಧಿಸಿದ ಬೇರೆ ಪ್ರಚಾರಗಳಿದ್ದರೆ ಖಂಡಿತ ತಿಳಿಸಿ.

‘ಒಪ್ಪಿಕೊಳ್ಳುತ್ತಿಲ್ಲ’ ಅನ್ನೋದು ಮೊದಲ ಪ್ಯಾರಾದಲ್ಲೇ ಇರಲಿ. ಹಣದ ಮಾತು ಎತ್ತಲೇಬೇಡಿ, ಎತ್ತಿದರೆ ಚೌಕಾಸಿ ಶುರುವಾಗುತ್ತದೆ. ‘ಸದ್ಯಕ್ಕೆ’, ‘ಈ ಬಾರಿ’ ಅನ್ನೋದೂ ಬೇಡ. ಅವರ ಆ್ಯಪ್ ಕೆಟ್ಟದ್ದು ಅಂತ ಬರೆಯೋದಕ್ಕೂ ಹೋಗಬೇಡಿ. ಬರೆದರೆ ಅವರು ಅದನ್ನು ಸಮರ್ಥಿಸಿಕೊಳ್ಳಲೇಬೇಕಾಗುತ್ತದೆ, ಸುಮ್ನೆ ವಾದ ಬೆಳೆಯುತ್ತದೆ. ನಿಮ್ಮ ಚಾನೆಲ್ ಯಾರಿಗಾಗಿ ಅನ್ನೋದರ ಬಗ್ಗೆ ಮಾತ್ರ ಯಾರೂ ವಾದ ಮಾಡಲಾರರು.

ಮಕ್ಕಳ ಚಾನೆಲ್ ಆಗಿದ್ದರೆ ಇನ್ನೊಂದು ವಿಷಯ. ಯೂಟ್ಯೂಬ್ ಸ್ಟುಡಿಯೋದ ವಯಸ್ಸಿನ ಅಂಕಿಗಳನ್ನು ಸಾಕ್ಷಿಯಾಗಿ ಕೊಡಬೇಡಿ. ಮಕ್ಕಳು ಅಪ್ಪ ಅಮ್ಮನ ಫೋನಿನಲ್ಲಿ ಪಾಠ ನೋಡಿದರೆ ಆ ಲೆಕ್ಕ 13–17ರ ಗುಂಪಿಗೆ ಬರುವ ಬದಲು 35–44ರ ಗುಂಪಿಗೆ ಬೀಳಬಹುದು. ‘ನಿಮ್ಮನ್ನು ನೋಡೋರು ದೊಡ್ಡವರೇ ಅಲ್ವಾ’ ಅಂತ ಅದೇ ಸ್ಕ್ರೀನ್‌ಶಾಟ್ ಹಿಡಿದು ಕೇಳುತ್ತಾರೆ.

ಇದೆಲ್ಲ ನಿಜವಾದ ಆಫರ್‌ಗೆ ಮಾತ್ರ. ಕಳಿಸಿದವರ ಡೊಮೈನ್ ಕಂಪನಿಯದ್ದಾಗಲಿ ಏಜೆನ್ಸಿಯದ್ದಾಗಲಿ ಅಲ್ಲದಿದ್ದರೆ, ‘ಒಪ್ಪಂದ’ ಅಂತ ಜಿಪ್ ಫೈಲ್ ಇಟ್ಟಿದ್ದರೆ ಅದನ್ನು ತೆರೆಯಬೇಡಿ, ಉತ್ತರವನ್ನೂ ಕೊಡಬೇಡಿ. ಚಾನೆಲ್ ಕದಿಯೋರು ಬರೋದು ಈ ದಾರಿಯಲ್ಲೇ.

ನಿಮ್ಮ ಮೇಲ್ ಹೋದ ಮೇಲೂ ಅವರು ಹಣ ಏರಿಸಿಕೊಂಡು ಬರಬಹುದು. ಆಗ ಹೊಸ ಕಾರಣ ಹುಡುಕಬೇಡಿ. ಹೊಸ ಕಾರಣ ಕೊಟ್ಟರೆ ಮೊದಲಿನದು ನೆಪ ಅಂತ ಅಂದುಕೊಳ್ಳುತ್ತಾರೆ. ‘ಧನ್ಯವಾದ, ಮೊದಲು ತಿಳಿಸಿದ ಕಾರಣಕ್ಕೇ ಇದೂ ಆಗುವುದಿಲ್ಲ’ ಅಂತ ಒಂದೇ ಸಾಲು ಬರೆಯಿರಿ. ಮೂರನೇ ಸಲ ಬಂದರೆ ಉತ್ತರ ಕೊಡಬೇಕಾಗಿಲ್ಲ.