ಓಮ್ ನಿಯಮ ತಪ್ಪಿಲ್ಲ, ಯಾವ ವೋಲ್ಟೇಜ್ ಅನ್ನುವುದು ತಪ್ಪಿದೆ

"ಸಂಪಾದಕರಿಗೆ ನಮಸ್ಕಾರ. ನಾನು ಡೊಂಬಿವಲಿಯಲ್ಲಿರುವ ನಿಮ್ಮ ಓದುಗ. ಕರೆಂಟನ್ನು ಹೈ ವೋಲ್ಟೇಜಿನಲ್ಲಿ ಯಾಕೆ ಕಳಿಸುತ್ತಾರೆ ಅಂತ ಒಂದು ಲೇಖನ ಬರೆದು ಕಳಿಸಿದ್ದೇನೆ. ಹತ್ತನೇ ಕ್ಲಾಸಿನ ಮಗಳು ಓದಿ, 'ವೋಲ್ಟೇಜ್ ಜಾಸ್ತಿ ಆದ್ರೆ ಕರೆಂಟೂ ಜಾಸ್ತಿ ಆಗ್ಬೇಕಲ್ವಾ ಅಪ್ಪಾ, ಓಮ್ ನಿಯಮ ಹಾಗೆ ಹೇಳುತ್ತೆ' ಅಂದಳು. ಉತ್ತರ ಹೊಳೆಯಲಿಲ್ಲ, ಆ ಭಾಗ ಬಿಟ್ಟುಬಿಟ್ಟೆ. ಲೇಖನ ಹಾಕಬಹುದಾ? ನೇರವಾಗಿ ಹೇಳಿ."

ನಮಸ್ಕಾರ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ನೀವು ಬಿಟ್ಟುಬಿಟ್ಟ ಆ ಪ್ರಶ್ನೆಯೇ ಲೇಖನದ ಜೀವ. ಅದನ್ನು ತೆಗೆದು ಹಾಕಿದ್ದರಿಂದ ನಿಮ್ಮ ಲೆಕ್ಕವೂ ದಾರಿ ತಪ್ಪಿದೆ. ಎಲ್ಲಿ ತಪ್ಪಿದೆ ಅಂತ ವಿವರವಾಗಿ ಬರೆಯುತ್ತೇನೆ. ಓದಿ, ತಿದ್ದಿ ಮತ್ತೆ ಕಳಿಸಿ.

ಮೊದಲು ಒಂದು ಮಾತಿನ ವಿಷಯ. ನಿಮ್ಮ ಲೇಖನದಲ್ಲಿ "ಕರೆಂಟ್" ಅನ್ನುವ ಪದ ಮೂರು ಅರ್ಥದಲ್ಲಿ ಬಂದಿದೆ. ಮನೆಯಲ್ಲಿ ನಾವು "ಕರೆಂಟ್ ಹೋಯ್ತು", "ಕರೆಂಟ್ ಬಿಲ್ಲು", "ಕರೆಂಟ್ ಹೊಡೀತು" ಅಂತೀವಿ. ಮಾತಿಗೆ ಅದು ಸರಿ. ಆದರೆ ಈ ಲೇಖನದಲ್ಲಿ ಕರೆಂಟ್ ಕಮ್ಮಿಯಾಗುತ್ತದೆ, ಪವರ್ ಮಾತ್ರ ಅಷ್ಟೇ ಇರುತ್ತದೆ. ಎರಡಕ್ಕೂ ಒಂದೇ ಪದ ಬಳಸಿದರೆ ಓದುಗರಿಗೆ ಏನೂ ಹಿಡಿಯುವುದಿಲ್ಲ. ಆಂಪಿಯರ್‌ನಲ್ಲಿ ಅಳೆಯುವುದಕ್ಕೆ ಮಾತ್ರ ಕರೆಂಟ್ ಅನ್ನಿ. ನಿಮ್ಮ ಹೌಸಿಂಗ್ ಸೊಸೈಟಿಗೆ ಬೇಕಾದ ಕಿಲೋವ್ಯಾಟಿಗೆ ಪವರ್ ಅನ್ನಿ. ಕೊನೆಯವರೆಗೂ ಇದನ್ನು ಬಿಡಬೇಡಿ.

ಈಗ ನಿಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಸೊಸೈಟಿಗೆ 100 ಕಿಲೋವ್ಯಾಟ್ ಬೇಕು. ಪವರ್ ಬರುವ ಜಾಗ 2 ಕಿಲೋಮೀಟರ್ ದೂರ. ಹೋಗುವ ತಂತಿ, ವಾಪಸ್ ಬರುವ ತಂತಿ ಸೇರಿ 4 ಕಿಲೋಮೀಟರ್. 120 ಚದರ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಆದರೆ ಒಟ್ಟು ರೆಸಿಸ್ಟೆನ್ಸ್ ಸುಮಾರು 1 ಓಮ್. ನಿಜವಾಗಿ ಬರುವುದು ಮೂರು ಫೇಸ್ ಲೈನು, ಆದರೆ ಎರಡು ತಂತಿಯ ಲೆಕ್ಕ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಮೂರು ಫೇಸಿನಲ್ಲಿ ಅಂಕಿಗಳು ಬದಲಾಗುತ್ತವೆ, ತತ್ವ ಬದಲಾಗುವುದಿಲ್ಲ. ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

11,000 ವೋಲ್ಟಿನಲ್ಲಿ 100 ಕಿಲೋವ್ಯಾಟ್ ಕೊಡಬೇಕಾದರೆ ಹರಿಯುವ ಕರೆಂಟ್ 1,00,000 ÷ 11,000, ಅಂದರೆ 9.09 ಆಂಪಿಯರ್. ತಂತಿಯಲ್ಲಿ ಬಿಸಿಯಾಗಿ ಹೋಗುವುದು I²R, ಅಂದರೆ ಕರೆಂಟಿನ ವರ್ಗವನ್ನು ತಂತಿಯ ರೆಸಿಸ್ಟೆನ್ಸಿನಿಂದ ಗುಣಿಸಿದಷ್ಟು. 9.09 × 9.09 × 1 ಅಂದರೆ ಸುಮಾರು 83 ವ್ಯಾಟ್. ಒಂದು ಸೀಲಿಂಗ್ ಫ್ಯಾನಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದೇ ತಂತಿಯಲ್ಲಿ 1,100 ವೋಲ್ಟಿನಲ್ಲಿ ಕೊಟ್ಟರೆ ಕರೆಂಟ್ 90.9 ಆಂಪಿಯರ್ ಆಗುತ್ತದೆ, ನಷ್ಟ ಸುಮಾರು 8,260 ವ್ಯಾಟ್. ವೋಲ್ಟೇಜ್ ಹತ್ತನೇ ಒಂದು ಪಾಲಾಯಿತು, ನಷ್ಟ ನೂರು ಪಟ್ಟಾಯಿತು. ಇಲ್ಲಿಯವರೆಗೆ ನೀವು ಬರೆದಿದ್ದು ಸರಿ.

ಆಮೇಲೆ ನೀವು 230 ವೋಲ್ಟಿಗೆ ಲೆಕ್ಕ ಮಾಡಿದ್ದೀರಿ. ಕರೆಂಟ್ 435 ಆಂಪಿಯರ್, ನಷ್ಟ 189 ಕಿಲೋವ್ಯಾಟ್. "100 ಕಿಲೋವ್ಯಾಟ್ ಕಳಿಸಿದರೆ 189 ಕಿಲೋವ್ಯಾಟ್ ದಾರಿಯಲ್ಲೇ ಹೋಗುತ್ತದೆ" ಅಂತ ಬರೆದಿದ್ದೀರಿ. ಕಳಿಸಿದ್ದಕ್ಕಿಂತ ಜಾಸ್ತಿ ಹೇಗೆ ಕಳೆದುಹೋಗುತ್ತದೆ? ನಮ್ಮ ಓದುಗರಲ್ಲಿ ದಿನಾ ರಾತ್ರಿ ಗಲ್ಲಾ ಲೆಕ್ಕ ಹಾಕುವ ಹೋಟೆಲಿನವರು ಬಹಳ ಜನ ಇದ್ದಾರೆ. ಅವರು ಈ ಸಾಲಿಗೆ ಬಂದ ಕೂಡಲೇ ಪುಟ ಮುಚ್ಚುತ್ತಾರೆ.

ತಪ್ಪು ಎಲ್ಲಿದೆ ಅಂದರೆ, ಆ 230 ವೋಲ್ಟ್ ತಂತಿಯ ಯಾವ ತುದಿಯದು ಅಂತ ನೀವು ಹೇಳಿಲ್ಲ. 435 ಆಂಪಿಯರ್ 1 ಓಮ್ ತಂತಿಯಲ್ಲಿ ಹರಿದರೆ ದಾರಿಯಲ್ಲೇ 435 ವೋಲ್ಟ್ ಬಿದ್ದುಹೋಗುತ್ತದೆ. ಸೊಸೈಟಿಯಲ್ಲಿ 230 ಸಿಗಬೇಕಾದರೆ ಆ ಕಡೆಯಿಂದ 665 ವೋಲ್ಟ್ ಕೊಡಬೇಕು, 100 ಅಲ್ಲ 289 ಕಿಲೋವ್ಯಾಟ್ ಕಳಿಸಬೇಕು. ಆಗ 189 ದಾರಿಗೆ, 100 ನಿಮಗೆ. ಲೆಕ್ಕ ಕೂಡುತ್ತದೆ.

ಆ ಕಡೆಯಿಂದ 230 ವೋಲ್ಟೇ ಕೊಟ್ಟರೆ ಏನಾಗುತ್ತದೆ? 230 ವೋಲ್ಟಿನಲ್ಲಿ 100 ಕಿಲೋವ್ಯಾಟ್ ಎಳೆಯುವ ಲೋಡನ್ನು ಒಂದು ದೊಡ್ಡ ಹೀಟರ್ ಅಂದುಕೊಳ್ಳಿ. ಅದರ ರೆಸಿಸ್ಟೆನ್ಸ್ 230 × 230 ÷ 1,00,000, ಅಂದರೆ 0.529 ಓಮ್. ತಂತಿಯದು 1 ಓಮ್. ಒಟ್ಟು 1.529. ಹರಿಯುವುದು ಸುಮಾರು 150 ಆಂಪಿಯರ್. ಸೊಸೈಟಿಯ ತುದಿಯಲ್ಲಿ ಉಳಿಯುವುದು ಬರೀ 80 ವೋಲ್ಟ್. ಸಿಗುವ ಪವರ್ ಸುಮಾರು 12 ಕಿಲೋವ್ಯಾಟ್, ತಂತಿ ನುಂಗುವುದು ಸುಮಾರು 22.6. ಇದೇ ನಿಜವಾದ ಚಿತ್ರ. ಟ್ಯೂಬ್‌ಲೈಟ್ ಹತ್ತುವುದಿಲ್ಲ, ಲಿಫ್ಟ್ ಏಳುವುದಿಲ್ಲ. ದೂರ ಹೋದಂತೆ ಕಮ್ಮಿ ವೋಲ್ಟೇಜ್ ಬರೀ ದುಬಾರಿಯಾಗುವುದಿಲ್ಲ, ಪವರ್ ತಲುಪುವುದೇ ಇಲ್ಲ. ನಿಮ್ಮ ಲೇಖನದಲ್ಲಿ ಇರಬೇಕಾಗಿದ್ದ ಮುಖ್ಯ ವಿಷಯ ಇದು.

ಈಗ ಮಗಳ ಪ್ರಶ್ನೆ. ಅವಳು ಕೇಳಿದ್ದು ನೂರಕ್ಕೆ ನೂರು ಸರಿ. ಆ 0.529 ಓಮ್ ಲೋಡಿಗೆ ನೇರವಾಗಿ 11,000 ವೋಲ್ಟ್ ಕೊಟ್ಟರೆ ಓಮ್ ನಿಯಮದಂತೆ 20,000 ಆಂಪಿಯರಿಗೂ ಜಾಸ್ತಿ ಹರಿಯುತ್ತದೆ, ಎಲ್ಲ ಸುಟ್ಟುಹೋಗುತ್ತದೆ. ಕರೆಂಟ್ ಕಮ್ಮಿ ಆಗುವುದಕ್ಕೆ ಕಾರಣ ಮಧ್ಯದಲ್ಲಿ ಕೂತಿರುವ ಟ್ರಾನ್ಸ್‌ಫಾರ್ಮರ್. ನೀವು ಅದರ ಬಗ್ಗೆ "ವೋಲ್ಟೇಜ್ ಇಳಿಸುತ್ತದೆ" ಅಂತ ಒಂದೇ ಸಾಲು ಬರೆದಿದ್ದೀರಿ. ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ.

11,000ದಿಂದ 230ಕ್ಕೆ ಇಳಿಸುವಾಗ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳಲ್ಲಿರುವ ಸುತ್ತುಗಳ ಅನುಪಾತ ಸುಮಾರು 48ಕ್ಕೆ 1. ಸೊಸೈಟಿ ಕಡೆ 435 ಆಂಪಿಯರ್ ಹರಿದರೆ ಲೈನಿನ ಕಡೆ ಅದರ 48ನೇ ಒಂದು ಪಾಲು, 9 ಆಂಪಿಯರ್ ಮಾತ್ರ. ಲೈನಿನ ಕಡೆಯಿಂದ ನೋಡಿದರೆ 0.529 ಓಮಿನ ಲೋಡು 0.529 ಆಗಿ ಕಾಣುವುದೇ ಇಲ್ಲ. ಅನುಪಾತದ ವರ್ಗದಷ್ಟು ದೊಡ್ಡದಾಗಿ, 1,210 ಓಮ್ ಆಗಿ ಕಾಣುತ್ತದೆ. ಈಗ ಓಮ್ ನಿಯಮ ಹಾಕಿ ನೋಡಿ. 11,000 ÷ 1,210 ಅಂದರೆ 9.09. ಮಗಳ ಓಮ್ ನಿಯಮವೂ ಉಳಿಯಿತು, ನಿಮ್ಮ ಲೆಕ್ಕವೂ ಉಳಿಯಿತು. ವೋಲ್ಟೇಜ್ 48 ಪಟ್ಟು ಏರಿತು, ಆದರೆ ಲೈನಿಗೆ ಎದುರಾಗುವ ರೆಸಿಸ್ಟೆನ್ಸ್ 48ರ ವರ್ಗದಷ್ಟು ಏರಿತು, ಹಾಗಾಗಿ ಕರೆಂಟ್ ಇಳಿಯಿತು. ಇದನ್ನು ಅವಳಿಗೆ ಕಾಗದದ ಮೇಲೆ ಬರೆದು ತೋರಿಸಿ. ಲೇಖನದಲ್ಲೂ ಹಾಗೇ ಬರಲಿ.

ಇನ್ನೊಂದು ತಪ್ಪು ನಾಲ್ಕನೇ ಪುಟದಲ್ಲಿದೆ. ನಷ್ಟವನ್ನು V²/R ಅಂತಲೂ ಬರೆಯಬಹುದು ಅಂತ ಹೇಳಿ, ಆಮೇಲೆ "ಹಾಗಾದರೆ ವೋಲ್ಟೇಜ್ ಏರಿಸಿದರೆ ನಷ್ಟ ಏರಬೇಕಿತ್ತು, ಇದು ವಿದ್ಯುತ್ತಿನ ವಿಚಿತ್ರ" ಅಂತ ಮುಗಿಸಿದ್ದೀರಿ. ವಿಚಿತ್ರ ಏನೂ ಇಲ್ಲ. ತಂತಿಯ ನಷ್ಟ ಲೆಕ್ಕ ಹಾಕುವಾಗ V ಅಂದರೆ ತಂತಿಯ ಈ ತುದಿಗೂ ಆ ತುದಿಗೂ ಇರುವ ವ್ಯತ್ಯಾಸ. ಅದು 11,000 ಅಲ್ಲ, ಬರೀ 9.09 ವೋಲ್ಟ್. 9.09ರ ವರ್ಗವನ್ನು 1ರಿಂದ ಭಾಗಿಸಿದರೆ ಅದೇ 83 ವ್ಯಾಟ್ ಬರುತ್ತದೆ. ಎರಡು ತಂತಿಗಳ ನಡುವಿನ ವೋಲ್ಟೇಜ್ ಬೇರೆ, ಒಂದು ತಂತಿಯ ಉದ್ದಕ್ಕೂ ಕುಸಿಯುವ ವೋಲ್ಟೇಜ್ ಬೇರೆ. ಈ ಒಂದು ವ್ಯತ್ಯಾಸ ಗೊತ್ತಾದರೆ ನಿಮ್ಮ ಅರ್ಧ ಗೊಂದಲ ಹೋಗುತ್ತದೆ.

ಲೇಖನದ ಶುರು ಬದಲಾಯಿಸಿ. ಖೋಪೋಲಿಯ ಜಲವಿದ್ಯುತ್ 1915ರಲ್ಲಿ ಘಟ್ಟದ ಬುಡದಿಂದ ಮುಂಬಯಿಯ ಪರೇಲಿಗೆ, ಸುಮಾರು 70 ಕಿಲೋಮೀಟರ್, ಲಕ್ಷ ವೋಲ್ಟಿನ ಆಸುಪಾಸಿನಲ್ಲಿ ಬಂದು ಗಿರಣಿಗಳನ್ನು ಓಡಿಸಿತು. ಒಳ್ಳೆಯ ಕಥೆ. ಆದರೆ ಅದಕ್ಕೆ ನೀವು ಎರಡೂವರೆ ಪುಟ ಕೊಟ್ಟಿದ್ದೀರಿ, ಲಕ್ಷ ವೋಲ್ಟ್ ಯಾಕೆ ಅಂತ ಓದುಗನಿಗೆ ಆಗ ಇನ್ನೂ ಗೊತ್ತಿರುವುದಿಲ್ಲ. ಅದನ್ನು ಕೊನೆಗೆ ಒಯ್ಯಿರಿ. ಮೊದಲು ಕಣ್ಣಿಗೆ ಕಾಣುವುದನ್ನು ಕೊಡಿ.

ನಮ್ಮ ಬಿಲ್ಡಿಂಗಿನ ಗಣಪತಿ ಮಂಟಪದಲ್ಲಿ ಒಂದು ವರ್ಷ ದೀಪಗಳು ಮಂಕಾಗಿ ಉರಿಯುತ್ತಿದ್ದವು. ಮೀಟರ್ ರೂಮಿನಿಂದ ಸುಮಾರು 100 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದಿದ್ದರು. ಹೋಗಿ ಬರಲು 200 ಮೀಟರ್, ಸುಮಾರು ಒಂದೂವರೆ ಓಮ್. ಮೊದಲ ದಿನ 10 ಆಂಪಿಯರ್ ಇತ್ತು, 15 ವೋಲ್ಟ್ ಬಿದ್ದುಹೋಗುತ್ತಿತ್ತು, ವೈರಿನಲ್ಲಿ 150 ವ್ಯಾಟ್ ಬಿಸಿ. ಮೂರನೇ ದಿನ ಹ್ಯಾಲೊಜನ್ ದೀಪಗಳನ್ನು ಸೇರಿಸಿ ಹೆಚ್ಚುಕಮ್ಮಿ 20 ಆಂಪಿಯರ್ ಮಾಡಿದರು. ಕುಸಿತ 30 ವೋಲ್ಟಾಯಿತು, ಬಿಸಿ ಮಾತ್ರ 300 ಆಗಲಿಲ್ಲ, 600 ವ್ಯಾಟ್ ಆಯಿತು. ಸುರುಳಿ ಸುತ್ತಿ ಇಟ್ಟಿದ್ದ ಹೆಚ್ಚುವರಿ ವೈರ್ ಕೈಗೆ ಸುಡುತ್ತಿತ್ತು. ಬಿಸಿಯಾದರೆ ಲೋಹದ ರೆಸಿಸ್ಟೆನ್ಸ್ ಇನ್ನೂ ಏರುತ್ತದೆ, 50 ಡಿಗ್ರಿ ಜಾಸ್ತಿಯಾದರೆ ಹೆಚ್ಚುಕಮ್ಮಿ ಶೇ. 20ರಷ್ಟು. ಮಲ್ಟಿಮೀಟರ್ ಇಟ್ಟು ಎರಡೂ ತುದಿಯಲ್ಲಿ ಅಳೆದಾಗಲೇ ನಮಗೆ ಗೊತ್ತಾಗಿದ್ದು. ದೀಪ ಹತ್ತಿಸದಿದ್ದರೆ ಎರಡು ಕಡೆಯೂ ಒಂದೇ ರೀಡಿಂಗ್, ಹತ್ತಿಸಿದರೆ ದೂರದ ತುದಿಯಲ್ಲಿ ಕಮ್ಮಿ. ನಿಮ್ಮ ಸೊಸೈಟಿಯಲ್ಲೂ ಇಂಥದ್ದೊಂದು ನಡೆದಿರುತ್ತದೆ. ಅಲ್ಲಿಂದ ಶುರು ಮಾಡಿ. ಮಲ್ಟಿಮೀಟರ್ ಪ್ರೋಬ್ ಹಿಡಿಯುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಮಾಡಲಿ.

"ದಪ್ಪ ತಂತಿ ಹಾಕಿದರೆ ಆಯ್ತಲ್ಲ" ಅಂತ ಯಾರಾದರೂ ಕೇಳುತ್ತಾರೆ. ಅದಕ್ಕೂ ಲೆಕ್ಕ ಕೊಡಿ. ನಿಮ್ಮ 4 ಕಿಲೋಮೀಟರ್ ಅಲ್ಯೂಮಿನಿಯಂ ಸುಮಾರು 1.3 ಟನ್ ತೂಗುತ್ತದೆ. 1,100 ವೋಲ್ಟಿನಲ್ಲೇ ಕೊಟ್ಟು ನಷ್ಟವನ್ನು 83 ವ್ಯಾಟಿಗೆ ಇಳಿಸಬೇಕಾದರೆ ನೂರು ಪಟ್ಟು ದಪ್ಪ, 130 ಟನ್ ಬೇಕು. ಒಂದು ಸೊಸೈಟಿಗೆ!

ಕೊನೆಯಲ್ಲಿ "ವೋಲ್ಟೇಜ್ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು" ಅಂದಿದ್ದೀರಿ. ಅದನ್ನು ತೆಗೆಯಿರಿ. ನಿಮ್ಮ ಸೊಸೈಟಿಗೇ 1,10,000 ವೋಲ್ಟ್ ತಂದರೆ 83 ವ್ಯಾಟ್ ನಷ್ಟ 1 ವ್ಯಾಟಿಗಿಂತ ಕಮ್ಮಿ ಆಗುತ್ತದೆ, ನಿಜ. ಉಳಿತಾಯವಾಗುವುದು 82 ವ್ಯಾಟ್. ಆದರೆ ಈ ಅಳತೆಯ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಲೋಡೇ ಇಲ್ಲದಿದ್ದರೂ ಹಗಲು ರಾತ್ರಿ ನೂರಕ್ಕೂ ಹೆಚ್ಚು ವ್ಯಾಟ್ ತನ್ನ ಕಬ್ಬಿಣದಲ್ಲೇ ಕಳೆಯುತ್ತದೆ. ಲಕ್ಷ ವೋಲ್ಟಿನದು ಇನ್ನೂ ದೊಡ್ಡದು, ಅದರ ನಷ್ಟವೂ ದೊಡ್ಡದು. ಜೊತೆಗೆ ಅಷ್ಟು ವೋಲ್ಟೇಜಿಗೆ ತಂತಿಯಿಂದ ಕಟ್ಟಡಕ್ಕೆ ಬಿಡಬೇಕಾದ ಅಂತರ ಜಾಸ್ತಿ, ಇನ್ಸುಲೇಟರ್ ಉದ್ದ ಜಾಸ್ತಿ. ಮುಂಬಯಿಯಂಥ ಕಡಲ ತೀರದಲ್ಲಿ ಇನ್ಸುಲೇಟರ್ ಮೇಲೆ ಉಪ್ಪು ಕೂರುತ್ತದೆ. ಅದು ಮಂಜಿಗೋ ಮೊದಲ ತುಂತುರಿಗೋ ಒದ್ದೆಯಾದರೆ ಮೇಲ್ಮೈಯಲ್ಲಿ ಕರೆಂಟ್ ಹರಿದು ಕಿಡಿ ಹಾರುತ್ತದೆ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ.

70 ಕಿಲೋಮೀಟರಿಗೆ, ಗಿರಣಿಗಳನ್ನು ಓಡಿಸುವಷ್ಟು ಪವರಿಗೆ ಲಕ್ಷ ವೋಲ್ಟ್ ಬೇಕಾಯಿತು. 2 ಕಿಲೋಮೀಟರಿಗೆ, 100 ಕಿಲೋವ್ಯಾಟಿಗೆ 11,000 ಸಾಕು. ಖೋಪೋಲಿಯ ಕಥೆಯನ್ನು ಇಲ್ಲಿ ತಂದು ಸೇರಿಸಿ. ಆಗ ಅದು ಅಲಂಕಾರವಾಗಿ ಉಳಿಯುವುದಿಲ್ಲ, ನಿಮ್ಮ ಲೆಕ್ಕವನ್ನೇ ಮುಂದಕ್ಕೆ ಒಯ್ಯುತ್ತದೆ.

ಎಂಟು ಪುಟ ಐದಕ್ಕೆ ಇಳಿಯಲಿ. ಮಗಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆಯಿರಿ, "ಅಲ್ವಾ ಅಪ್ಪಾ" ಅನ್ನುವುದನ್ನೂ ಬಿಡಬೇಡಿ. ಕಳಿಸುವ ಮುಂಚೆ 1,210 ಓಮಿನ ಭಾಗವನ್ನು ಅವಳ ಕೈಯಲ್ಲಿ ಓದಿಸಿ. ಅವಳು ಎಲ್ಲಿ ನಿಂತು ಕೇಳುತ್ತಾಳೋ ಅಲ್ಲಿ ಇನ್ನೊಂದು ಸಾಲು ಸೇರಿಸಿ.