ಸಾಹೇಬರು ಎದ್ದ ಮೇಲೇ ಏಳಬೇಕಾ?

"ಮೈಸೂರಿನ ಹೂಟಗಳ್ಳಿಯಲ್ಲಿ ಆಫೀಸು. ಕೆಲಸ ಮುಗಿದರೂ ಮ್ಯಾನೇಜರ್ ಏಳೋವರೆಗೆ ಯಾರೂ ಏಳಲ್ಲ. ಜಗಳವಿಲ್ಲದೆ ಆರಕ್ಕೆ ಹೊರಡೋದು ಹೇಗೆ?"

ನಾನೂ ಮಂಡ್ಯದಿಂದ ಮೈಸೂರಿಗೆ ಓಡಾಡಿದವನೇ. ಆರಕ್ಕೆ ಬ್ಯಾಗ್ ಎತ್ತಿದರೆ ಎಲ್ಲರ ಕಣ್ಣೂ ನಮ್ಮ ಮೇಲೇ, ಅಲ್ವಾ? ಅದಕ್ಕೇ ನಾಲ್ಕೂವರೆಗೇ ಕೇಳಿಬಿಡಿ: "ಸರ್, ಇವತ್ತೇ ಹೋಗಬೇಕಾದ್ದು ಏನಾದರೂ ಇದೆಯಾ?" ಆಗ ಹೇಳಿದ ಕೆಲಸಕ್ಕೆ ಒಂದೂವರೆ ಗಂಟೆ ಇರುತ್ತದೆ. ಐದೂ ಮುಕ್ಕಾಲಿಗೆ ಮೂರು ಸಾಲಿನ ಮೇಲ್ ಹಾಕಿ. ಏನು ಮುಗಿಯಿತು, ಏನು ಉಳಿಯಿತು, ಉಳಿದದ್ದು ನಾಳೆ ಎಷ್ಟು ಹೊತ್ತಿಗೆ. ಆಮೇಲೆ "ಬರ್ತೀನಿ ಸರ್", ಅಷ್ಟೇ. ಕಾರಣ ಹೇಳಬೇಡಿ. ಬಸ್ಸು ಅಂದರೆ "ಮುಂದಿನ ಬಸ್ಸಿಗೆ ಹೋಗು" ಅನ್ನುತ್ತಾರೆ.

ಮೊದಲು ವಾರಕ್ಕೆ ಎರಡೇ ದಿನ ಸಾಕು. ನಿಜವಾಗಿ ತುರ್ತಿದ್ದಾಗ ನಾನೂ ಕೂತಿದ್ದೇನೆ, ಹೊರಟ ಹೊತ್ತನ್ನು ಮೇಲ್‌ನಲ್ಲೇ ಬರೆದಿದ್ದೇನೆ. ಅಪ್ರೈಸಲ್‌ನಲ್ಲಿ "ಬೇಗ ಹೋಗ್ತೀಯ" ಅಂದಾಗ ಆ ಮೇಲ್‌ಗಳನ್ನೇ ತೆಗೆದು ತೋರಿಸಿದೆ. ಮಾತು ನಿಂತಿತು. ಬಡ್ತಿ ಮಾತ್ರ ಒಂದು ವರ್ಷ ತಡವಾಯಿತು.