ಅಡ್ವಾನ್ಸ್ ಮತ್ತು ನೋಟಿಸ್: ಮನೆ ಖಾಲಿ ಮಾಡುವ ದಿನವನ್ನು ನೆನೆದು ಕರಾರು ಬರೆಸಿ

"ಮೈಸೂರಲ್ಲಿ ನಮ್ಮ ಮೇಲಿನ ಮನೆ ಮೊದಲ ಸಲ ಬಾಡಿಗೆಗೆ ಕೊಡ್ತಿದ್ದೀವಿ. ಅಗ್ರಿಮೆಂಟಲ್ಲಿ ಅಡ್ವಾನ್ಸ್, ನೋಟಿಸ್ ಬಗ್ಗೆ ಏನೇನು ಬರೆಸಬೇಕು? ನಮಗೂ ಅವರಿಗೂ ಆಮೇಲೆ ಜಗಳ ಆಗಬಾರದು."

ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದೆ, ಈಗ ನಾನೇ ಒಂದು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಎರಡೂ ಕಡೆ ನಿಂತು ನೋಡಿದ ಮೇಲೆ ಹೇಳುತ್ತೇನೆ: ಜಗಳ ಹುಟ್ಟುವುದು ಮನೆಗೆ ಬರುವ ದಿನ ಅಲ್ಲ, ಖಾಲಿ ಮಾಡುವ ದಿನ. ಆ ದಿನವನ್ನು ಕಣ್ಣ ಮುಂದೆ ಇಟ್ಟುಕೊಂಡು ಕರಾರು ಬರೆಸಿ. ಸ್ಟಾಂಪ್ ಪೇಪರ್ ಅಂಗಡಿಯವರು ಕೊಡುವ ಅಚ್ಚಿನ ನಮೂನೆಯಲ್ಲಿ "ಅಡ್ವಾನ್ಸನ್ನು ಖಾಲಿ ಮಾಡುವಾಗ ಹಿಂದಿರುಗಿಸತಕ್ಕದ್ದು" ಎಂದಷ್ಟೇ ಇರುತ್ತದೆ. ಎಷ್ಟು ಹಿಡಿಯಬಹುದು, ಯಾವಾಗ ಕೊಡಬೇಕು ಎಂಬುದು ಅದರಲ್ಲಿ ಇರುವುದೇ ಇಲ್ಲ.

ನಾನು ಬಾಡಿಗೆಗಿದ್ದ ಒಂದು ಮನೆಯಲ್ಲಿ ಆಗಿದ್ದು ಅದೇ. ಗೋಡೆಗೆ ಹೊಡೆದ ನಾಲ್ಕು ಮೊಳೆ, ಮಾಸಿದ ಬಣ್ಣ, ಮೊದಲಿಂದಲೇ ಸೋರುತ್ತಿದ್ದ ಬಚ್ಚಲಿನ ನಲ್ಲಿ, ಎಲ್ಲ ಸೇರಿಸಿ ಓನರ್ ಎರಡು ತಿಂಗಳ ಬಾಡಿಗೆ ಮುರಿದುಕೊಂಡರು. ನಲ್ಲಿ ಹಳೆಯದು ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕೇ ನನ್ನ ಕರಾರಿನ ಕೊನೆಯ ಪುಟ ಒಂದು ಪಟ್ಟಿ. ಫ್ಯಾನ್ ಎಷ್ಟು, ಗೀಸರ್ ಕೆಲಸ ಮಾಡುತ್ತದೆಯೇ, ಯಾವ ಬಾಗಿಲಿನ ಚಿಲಕ ಸಡಿಲ, ಸಿಂಕಿನ ಕೆಳಗೆ ಎಲ್ಲಿ ತೇವ ಎಂದು ಒಂದೊಂದನ್ನೂ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಅದೇ ದಿನ ಕೋಣೆಕೋಣೆಗೂ ಹೋಗಿ ಫೋನಲ್ಲಿ ವಿಡಿಯೋ ತೆಗೆದು ಅವರಿಗೂ ಕಳಿಸಿದೆ.

ಇನ್ನು ಅಡ್ವಾನ್ಸ್. ಮೊತ್ತವನ್ನು ಅಂಕಿ, ಅಕ್ಷರ ಎರಡರಲ್ಲೂ ಬರೆಸಿ, ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ಹಣ ಹಿಡಿಯುವಂತಿಲ್ಲ, ಒಡೆದು ಹಾಳಾದದ್ದಕ್ಕೆ ಬಿಲ್ ತೋರಿಸಿ ಹಿಡಿಯಬಹುದು ಎಂಬ ಸಾಲು ಇರಲಿ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ನಮ್ಮ ಕಡೆ ಇದೆ. ನಿಮಗೂ ಬೇಕಿದ್ದರೆ ಮೊದಲೇ ಮೊತ್ತ ಹೇಳಿ ಬರೆಸಿ, ಅವರು ಒಪ್ಪಲಿ. ಆರೇ ತಿಂಗಳಿದ್ದು ಹೋಗುವವರಿಂದ ಪೂರ್ತಿ ಪೇಂಟಿಂಗ್ ದುಡ್ಡು ಹಿಡಿಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಉದಾಹರಣೆಗೆ ಬಾಡಿಗೆ 15,000, ಅಡ್ವಾನ್ಸ್ 75,000 ಎನ್ನಿ. ಪೇಂಟಿಂಗಿಗೆ ಒಪ್ಪಿದ್ದು 12,000. ಖಾಲಿ ಮಾಡುವ ದಿನ ಇಬ್ಬರೂ ಮೀಟರ್ ನೋಡಿ ಲೆಕ್ಕ ಹಾಕಿದ ಕರೆಂಟ್ ಬಾಕಿ 1,160. ಉಳಿದ 61,840 ರೂಪಾಯಿ ಅವರಿಗೆ ಹೋಗಬೇಕು. ಹಿಂದಿನ ಬಾಡಿಗೆ ಬಾಕಿ ಇದ್ದರೆ ಅದನ್ನೂ ಕಳೆಯಿರಿ. ಆದರೆ ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿಗೆ ವಜಾ ಮಾಡಿಕೊಳ್ಳಿ ಎಂದು ಬಾಡಿಗೆದಾರರು ತಾವೇ ತೀರ್ಮಾನಿಸುವಂತಿಲ್ಲ ಎಂದೂ ಬರೆಸಿ. ಇಲ್ಲದಿದ್ದರೆ ಮನೆ ಕೆಟ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಹಿಡಿಯಲು ಏನೂ ಉಳಿದಿರುವುದಿಲ್ಲ.

ನೋಟಿಸಿನಲ್ಲಿ ಜನ ಎಡವುವುದು ದಿನದ ಲೆಕ್ಕದಲ್ಲಿ. "ಒಂದು ತಿಂಗಳ ನೋಟಿಸ್" ಎಂದಷ್ಟೇ ಬರೆದಿದ್ದೀರಿ, ಅವರು ಜೂನ್ 10ಕ್ಕೆ ಹೇಳಿದರು. ಜುಲೈ 10ಕ್ಕೆ ಹೋಗುತ್ತೇವೆ ಎನ್ನುತ್ತಾರೆ ಅವರು. ನೋಟಿಸ್ ತಿಂಗಳ ಒಂದನೇ ತಾರೀಖಿನಿಂದ ಲೆಕ್ಕ, ಜುಲೈ 31ರವರೆಗೆ ಬಾಡಿಗೆ ಕೊಡಿ ಎನ್ನುತ್ತೀರಿ ನೀವು. ನಡುವೆ 21 ದಿನ, ಸುಮಾರು 10,160 ರೂಪಾಯಿಯ ಜಗಳ. ನಾನು ಬರೆಸಿದ್ದು ಹೀಗೆ: "ಯಾರೇ ಕರಾರು ಮುರಿಯುವುದಿದ್ದರೂ ಒಂದು ತಿಂಗಳ ಮುಂಚೆ ಲಿಖಿತವಾಗಿ ತಿಳಿಸಬೇಕು. ವಾಟ್ಸಾಪ್ ಸಂದೇಶವೂ ನಡೆಯುತ್ತದೆ. ಅದು ತಲುಪಿದ ಮರುದಿನದಿಂದ 30 ದಿನ ಲೆಕ್ಕ, ಬಾಡಿಗೆ ಆ ದಿನದವರೆಗೆ ಮಾತ್ರ." ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಎರಡು ತಿಂಗಳು ಇಡಿ. ಅವಧಿ ಎಷ್ಟೇ ಇರಲಿ, ನಿಮಗೂ ಅವರಿಗೂ ಒಂದೇ ಇರಬೇಕು. ಏನೂ ಬರೆಸದೆ ಬಿಟ್ಟರೆ, ಸಾಮಾನ್ಯವಾಗಿ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕಾಗುತ್ತದೆ. ಹೊಸ ಮನೆ ಹುಡುಕುವುದಕ್ಕೂ ಹೊಸ ಬಾಡಿಗೆದಾರರನ್ನು ಹುಡುಕುವುದಕ್ಕೂ ಅಷ್ಟು ದಿನ ಸಾಲುವುದಿಲ್ಲ.

ಎಲ್ಲರೂ 11 ತಿಂಗಳಿಗೆ ಬರೆಸುವುದು ಯಾಕೆಂದರೆ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ನೀವೂ 11ಕ್ಕೇ ಬರೆಸಿ, ಮುಗಿದಾಗ ಹೊಸದು ಮಾಡಿಸಿ. ಆಗ ಬಾಡಿಗೆ ಎಷ್ಟು ಏರುತ್ತದೆ ಎಂಬುದನ್ನು ಈಗಲೇ ಶೇಕಡಾ ಲೆಕ್ಕದಲ್ಲಿ ಹಾಕಿಬಿಡಿ.

ಇನ್ನೊಂದು ಸಾಲು, ಇದನ್ನು ದಯವಿಟ್ಟು ಬಿಡಬೇಡಿ: ಕೀಲಿ ಕೊಟ್ಟ ದಿನವೇ ಉಳಿದ ಅಡ್ವಾನ್ಸ್ ಅವರ ಖಾತೆಗೆ ಹಾಕಬೇಕು. ಹೊಸ ಮನೆಯ ಅಡ್ವಾನ್ಸಿಗೆ ಅವರು ಈ ದುಡ್ಡನ್ನೇ ನಂಬಿರುತ್ತಾರೆ. ನಾನು ಹಿಂದಿನ ಬಾಡಿಗೆದಾರರನ್ನು ಕಳಿಸಿದ್ದು ಖಾಲಿ ಹಾಲಿನಲ್ಲಿ ನೆಲದ ಮೇಲೆ ಕೂತು. ಪಟ್ಟಿ ತೆಗೆದು ಒಂದೊಂದಕ್ಕೂ ಗುರುತು ಹಾಕಿದೆವು, ಫೋನಲ್ಲಿ ಹಣ ಕಳಿಸಿದೆ, ಅವರು ಕರಾರಿನ ಹಿಂದೆ "ಪೂರ್ತಿ ಸಂದಾಯವಾಗಿದೆ" ಎಂದು ಬರೆದು ಸಹಿ ಹಾಕಿ ಕೀಲಿ ಕೈಗಿತ್ತರು.